ಕಬ್ಬಿನ ಹಾಲಿಗೆ ಬೀಳುವ ಐಸ್ ಎಲ್ಲಿಂದ ಬಂತು?

ಬಿಸಿಲಲ್ಲಿ ಪೇಟೆ ಸುತ್ತಿ ಬಂದಾಗ ಕಬ್ಬಿನ ಗಾಣದ ಮುಂದೆ ನಿಲ್ಲದವರು ಕಡಿಮೆ. ನಿಮ್ಮ ಕಣ್ಣೆದುರೇ ಕಬ್ಬು ಹಿಂಡುತ್ತಾರೆ, ಲಿಂಬೆ, ಶುಂಠಿ ಸೇರಿಸುತ್ತಾರೆ. ಎಲ್ಲವೂ ತಾಜಾ ಎಂದು ನಂಬಿ ಕುಡಿಯುತ್ತೀರಿ. ಆದರೆ ಲೋಟದಲ್ಲಿರುವ ಒಂದು ವಸ್ತು ಮಾತ್ರ ನಿಮ್ಮೆದುರು ತಯಾರಾದದ್ದಲ್ಲ. ಅದೇ ಐಸ್.

ರಸ್ತೆ ಬದಿಯ ಅಂಗಡಿಗೆ ಬರುವ ಐಸ್ ಹೆಚ್ಚಾಗಿ ಕಾರ್ಖಾನೆಯ ದೊಡ್ಡ ಗಡ್ಡೆಯಿಂದ ಒಡೆದದ್ದು. ತಗಡಿನ ಡಬ್ಬಗಳಿಗೆ ನೀರು ತುಂಬಿ, ಅವನ್ನು ತಣ್ಣಗಿನ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ಗಂಟೆಗಟ್ಟಲೆ ಇಡುತ್ತಾರೆ. ನಮ್ಮ ಕರಾವಳಿಯಲ್ಲಿ ಇಂತಹ ಗಡ್ಡೆಯ ದೊಡ್ಡ ಗಿರಾಕಿ ಮೀನುಗಾರಿಕೆ. ಮೀನು ಕೆಡದಂತೆ ಇಡುವ ಐಸ್ ಎಲ್ಲ ಕಡೆಯೂ ಕುಡಿಯುವ ನೀರಿನಿಂದಲೇ ಮಾಡಿದ್ದು ಎನ್ನುವಂತಿಲ್ಲ. ತೊಂದರೆ ಇರುವುದು ಅದೇ ಗಡ್ಡೆ ಜ್ಯೂಸ್ ಅಂಗಡಿಗೂ ಬಂದಾಗ. ಮಹಾರಾಷ್ಟ್ರದಲ್ಲಿ 2018ರಲ್ಲಿ, ತಿನ್ನಲು ಬಾರದ ಐಸ್‌ಗೆ ನೀಲಿ ಬಣ್ಣ ಸೇರಿಸಬೇಕೆಂದು ಆದೇಶವಾದದ್ದು ಈ ಬೆರಕೆಯನ್ನು ತಡೆಯಲೆಂದೇ. ಬಣ್ಣವಿಲ್ಲದಿದ್ದರೆ ಎರಡನ್ನೂ ಕಣ್ಣಿನಿಂದ ಗುರುತಿಸಲಾಗದು. ಗಾಜಿನಂತೆ ಹೊಳೆಯುವ ಐಸ್ ಶುದ್ಧವೆಂಬುದೂ ತಪ್ಪು. ನಿಧಾನವಾಗಿ ಹೆಪ್ಪುಗಟ್ಟಿದರೆ ಕೊಳಕು ನೀರಿನ ಗಡ್ಡೆಯ ಹೊರಭಾಗವೂ ತಿಳಿಯಾಗಿಯೇ ಕಾಣುತ್ತದೆ.

ಇನ್ನು ಗೋಣಿಯಲ್ಲಿ ಸುತ್ತಿ, ನೆಲದ ಮೇಲೆ ಎಳೆದು, ಬರಿಗೈಯಲ್ಲಿ ಹಿಡಿದು ಒಡೆಯುವುದನ್ನು ನೀವೇ ನೋಡಿರುತ್ತೀರಿ.

"ಅಷ್ಟು ತಣ್ಣಗಿರುವಾಗ ರೋಗಾಣು ಹೇಗೆ ಬದುಕುತ್ತದೆ?" ಎಂದು ಹಲವರು ಕೇಳುತ್ತಾರೆ. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಹೆಪ್ಪುಗಟ್ಟಿಸಿದರೆ ಅದು ಸುಮ್ಮನೆ ಮಲಗುತ್ತದೆ, ಅಷ್ಟೇ. ಟೈಫಾಯ್ಡ್ ತರುವ ಜೀವಿ, ಕಾಮಾಲೆ ತರುವ ಹೆಪಟೈಟಿಸ್ 'ಎ' ವೈರಸ್ ಎರಡೂ ಐಸ್‌ನಲ್ಲಿ ಉಳಿದುಕೊಳ್ಳಬಲ್ಲವು. ಒಂದು ಲೋಟಕ್ಕೆ ಹಿಂಡುವ ಲಿಂಬೆಯ ಹುಳಿಗೆ ಅವುಗಳನ್ನು ಕೊಲ್ಲುವಷ್ಟು ಬಲವಿಲ್ಲ.

ಒಮ್ಮೆ ಒಂಬತ್ತು ವರ್ಷದ ಹುಡುಗನನ್ನು ತಂದೆ ನನ್ನ ಕ್ಲಿನಿಕ್‌ಗೆ ಕರೆತಂದರು. ನಾಲ್ಕು ದಿನ ಜ್ವರ, ಅನ್ನ ಕಂಡರೆ ವಾಕರಿಕೆ, ಈಗ ಕಣ್ಣು ಹಳದಿ, ಮೂತ್ರ ಚಹಾದ ಬಣ್ಣ. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ 'ಎ' ಎಂದು ಗೊತ್ತಾಯಿತು. "ಹಕೀಮ್ ಸಾಹೇಬ್ರೇ, ಈ ವಾರ ಹೊರಗಿನದ್ದು ಏನೂ ಕೊಟ್ಟಿಲ್ಲ" ಎಂದರು ತಂದೆ. ಈ ವಾರದ್ದಲ್ಲ, ಕಳೆದ ತಿಂಗಳದ್ದು ಹೇಳಿ ಎಂದೆ. ಏಕೆಂದರೆ ಈ ವೈರಸ್ ಹೊಟ್ಟೆ ಸೇರಿದ ಮೇಲೆ ರೋಗ ಕಾಣಿಸಲು ಸಾಮಾನ್ಯವಾಗಿ ನಾಲ್ಕು ವಾರ ಬೇಕು. ಕೆಲವೊಮ್ಮೆ ಎರಡೇ ವಾರ, ಕೆಲವೊಮ್ಮೆ ಏಳು. ಲೆಕ್ಕ ಹಾಕಿದಾಗ ಈದ್‌ನ ಬಟ್ಟೆ ಖರೀದಿಯ ದಿನಗಳು ಬಂದವು. ಪೇಟೆಯಲ್ಲಿ ಎರಡು ಮೂರು ಕಡೆ ಐಸ್ ಹಾಕಿದ ಜ್ಯೂಸ್ ಕುಡಿದದ್ದು ತಂದೆಗೆ ನೆನಪಾಯಿತು. ಅದರಿಂದಲೇ ಬಂತು ಎಂದು ಆಣೆ ಹಾಕಿ ಹೇಳಲಾಗದು. ಆದರೆ ಇಷ್ಟು ದಿನದ ಅಂತರವಿರುವುದರಿಂದಲೇ ಗಾಣದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಹೊರಡುವಾಗ ಅವರು ಕೇಳಿದ್ದು, "ದಿನಾ ಎರಡು ಲೋಟ ಕಬ್ಬಿನ ಹಾಲು ಕೊಡಬಹುದಲ್ವಾ?" ಯರ್ಖಾನ್ ಅಂದರೆ ಕಾಮಾಲೆಗೆ ಕಬ್ಬಿನ ಹಾಲು ಒಳ್ಳೆಯದೆಂಬ ಮಾತು ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಊಟ ಸೇರದ ರೋಗಿಗೆ ಸಿಹಿ ಪಾನೀಯ ಶಕ್ತಿ ಕೊಡುತ್ತದೆ, ನಿಜ. ಆದರೆ ಪಿತ್ತಜನಕಾಂಗವೇ ಬಾಡಿರುವ ಮಗುವಿಗೆ ರಸ್ತೆ ಬದಿಯ ಲೋಟದಿಂದ ಟೈಫಾಯ್ಡ್ ಕೂಡ ತಂದುಕೊಡುವುದು ಯಾವ ವೈದ್ಯ? ಕುದಿಸಿ ಆರಿಸಿದ ನೀರಿಗೆ ಸಕ್ಕರೆ ಹಾಕಿ ಕೊಡಿ, ತೆಳು ಗಂಜಿ ಕೊಡಿ, ಎದುರಲ್ಲೇ ಕೆತ್ತಿದ ಎಳನೀರು ಕೊಡಿ ಎಂದೆ.

ಆರೋಗ್ಯವಂತರು ಕಬ್ಬಿನ ಹಾಲನ್ನು ಬಿಟ್ಟೇಬಿಡಬೇಕೆಂದು ನಾನು ಹೇಳುವುದಿಲ್ಲ. ಐಸ್ ಹಾಕಬೇಡಿ ಎಂದು ಹಿಂಡುವ ಮೊದಲೇ ಹೇಳಿ. ಕೆಲವು ಕಡೆ ರಸ ಬೀಳುವ ಪಾತ್ರೆಯಲ್ಲೇ ಐಸ್ ಇಟ್ಟಿರುತ್ತಾರೆ, ಅಲ್ಲಿ ಕುಡಿಯಬೇಡಿ. ಲೋಟ ತೊಳೆಯುವ ಬಕೆಟನ್ನು ಒಮ್ಮೆ ಬಗ್ಗಿ ನೋಡಿ. ಇಡೀ ದಿನ ಅದೇ ನೀರಾದರೆ ಐಸ್ ಬಿಟ್ಟೂ ಪ್ರಯೋಜನವಿಲ್ಲ. ನಿಮ್ಮದೇ ಲೋಟ ಕೊಟ್ಟರೆ ಯಾವ ಅಂಗಡಿಯವನೂ ಬೇಡ ಎನ್ನುವುದಿಲ್ಲ. ಗಾಣದ ಉರುಳೆಯಲ್ಲಿ ಹಿಂದಿನ ಸಿಪ್ಪೆ ಅಂಟಿಕೊಂಡು ಲೋಳೆಯಾಗಿದ್ದರೆ, ಹುಳಿ ವಾಸನೆ ಬಂದರೆ, ಮುಂದಕ್ಕೆ ನಡೆಯಿರಿ. ಹಿಂಡಿಟ್ಟ ರಸವನ್ನು ಬಾಟಲಿಯಲ್ಲಿ ಮನೆಗೆ ತರಬೇಡಿ, ಬಿಸಿಲಲ್ಲಿ ಅದು ಬೇಗನೆ ಹುಳಿಯುತ್ತದೆ. ತಣ್ಣಗೆ ಬೇಕೇ ಬೇಕೆನ್ನುವ ಮಕ್ಕಳಿಗೆ ಕುದಿಸಿ ಆರಿಸಿದ ನೀರಿನಿಂದ ನಿಮ್ಮ ಫ್ರಿಜ್‌ನಲ್ಲೇ ಐಸ್ ಮಾಡಿ, ಲಿಂಬೆ ಶರಬತ್ತಿಗೆ ಹಾಕಿ ಕೊಡಿ.

ಮನೆಯಲ್ಲಿ ಯಾರಿಗಾದರೂ ಕಾಮಾಲೆ ಬಂದರೆ, ಕಣ್ಣು ಹಳದಿಯಾದ ದಿನದಿಂದ ಒಂದು ವಾರವಾದರೂ ಅವರು ಬೇರೆಯವರಿಗೆ ಅಡುಗೆ ಮಾಡುವುದು, ಬಡಿಸುವುದು ಬೇಡ. ಶೌಚದ ನಂತರ ಎಲ್ಲರೂ ಸೋಪಿನಿಂದ ಕೈ ತೊಳೆಯಲಿ. ರೋಗಿ ವಿಪರೀತ ಮಂಪರಿನಲ್ಲಿದ್ದರೆ, ಏನೇನೋ ಮಾತಾಡಿದರೆ, ಕುಡಿದ ನೀರೂ ನಿಲ್ಲದೆ ವಾಂತಿಯಾದರೆ ಮನೆಮದ್ದು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯ ಕಣ್ಣು ಹಳದಿಯಾದರಂತೂ ಈ ಲಕ್ಷಣಗಳಿಗೆ ಕಾಯಲೇಬೇಡಿ. ನೀರಿನಿಂದಲೇ ಹರಡುವ ಹೆಪಟೈಟಿಸ್ 'ಇ' ಎಂಬ ಇನ್ನೊಂದು ಕಾಮಾಲೆ ಗರ್ಭಿಣಿಯರ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿರುವವರ ಪ್ರಾಣಕ್ಕೇ ಅಪಾಯ ತರುತ್ತದೆ.