ಮಿಕ್ಸರ್ ಪಕ್ಕದ ರಟ್ಟಿನ ಕಾರ್ಡು

ನಮ್ಮ ಶಾಲೆಯ ಸಭಾಂಗಣದಲ್ಲಿ ಮಿಕ್ಸರ್ ಪಕ್ಕಕ್ಕೆ ಒಂದು ರಟ್ಟಿನ ಕಾರ್ಡು ತೂಗುಹಾಕಿದ್ದೇವೆ. ಕಾರ್ಯಕ್ರಮದ ದಿನ ಧ್ವನಿವರ್ಧಕ ನೋಡಿಕೊಳ್ಳುವ ಶಿಕ್ಷಕರಿಗಾಗಿ ಬರೆದದ್ದು. ಗಡಿಬಿಡಿಯಲ್ಲಿ ಪುಸ್ತಕ ತೆರೆಯಲು ಪುರಸೊತ್ತಿರುವುದಿಲ್ಲ; ಅದಕ್ಕೇ ಅದರಲ್ಲಿ ಇರುವುದು ಕೆಲವೇ ಸಾಲು, ಅದೂ ದಪ್ಪಕ್ಷರದಲ್ಲಿ.

ಮೊದಲ ಸಾಲು: ‘ಹಾಕುವಾಗ ಆಂಪ್ಲಿಫೈಯರ್ ಕೊನೆಗೆ, ಆರಿಸುವಾಗ ಅದೇ ಮೊದಲು.’ ಮಿಕ್ಸರ್ ಹಾಕಿದಾಗ ಅಥವಾ ಆರಿಸಿದಾಗ ತಂತಿಯಲ್ಲಿ ಒಂದು ವಿದ್ಯುತ್ ಜರ್ಕು ಹರಿಯುತ್ತದೆ. ಆಗ ಆಂಪ್ಲಿಫೈಯರ್ ಚಾಲೂ ಇದ್ದರೆ ಆ ಜರ್ಕನ್ನೇ ಹಿಗ್ಗಿಸಿ ಸ್ಪೀಕರಿಗೆ ‘ಧಡ್’ ಎಂದು ತಳ್ಳುತ್ತದೆ. ಸ್ಪೀಕರ್ ಹಾಳಾಗುವುದೂ ಉಂಟು.

ಕಾರ್ಡ್‌ಲೆಸ್ ಮೈಕಿಗೆ ಬೆಳಗ್ಗೆಯೇ ಹೊಸ ಸೆಲ್ ಹಾಕಬೇಕು. ನಿನ್ನೆ ಸರಿಯಿತ್ತು ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಆಮೇಲೆ ಗೇನ್. ‘ಹಲೋ ಹಲೋ’ ಎಂದು ಪಿಸುಗುಟ್ಟಿ ನೋಡಿದರೆ ಪ್ರಯೋಜನವಿಲ್ಲ. ನಿರೂಪಣೆ ಮಾಡುವ ಹುಡುಗನನ್ನೇ ನಿಲ್ಲಿಸಿ, ವೇದಿಕೆಯಲ್ಲಿ ಮಾತಾಡುವಷ್ಟೇ ಜೋರಾಗಿ ಓದಿಸಿ, ಕೆಂಪು ದೀಪ ಹತ್ತದಷ್ಟಕ್ಕೆ ಗೇನ್ ನಿಲ್ಲಿಸಬೇಕು. ಮುಂದಿನ ಏರಿಳಿತವೆಲ್ಲ ಫೇಡರಿನಲ್ಲಿ.

ಕಾರ್ಡಿನ ಅರ್ಧ ಜಾಗ ಹಿಡಿದಿರುವುದು ಮೈಕ್ ಕುಯ್ಯೆನ್ನುವ ಕಾಟ. ಒಂದು ವಾರ್ಷಿಕೋತ್ಸವದಲ್ಲಿ ಆರನೇ ತರಗತಿಯ ಹುಡುಗಿ ಭಾಷಣಕ್ಕೆ ನಿಂತಳು. ಮೈಕನ್ನು ಎದೆಯ ಕೆಳಗೆ, ಬಾಯಿಂದ ಸುಮಾರು 30 ಸೆಂಟಿಮೀಟರ್ ದೂರಕ್ಕೆ ಹಿಡಿದಿದ್ದಳು. ಹಿಂದಿನ ಸಾಲಿನವರಿಗೆ ಕೇಳಲಿಲ್ಲ. ನಾನು ಫೇಡರ್ ಏರಿಸಿದೆ, ಇನ್ನೂ ಏರಿಸಿದೆ. ಸಭಾಂಗಣವೆಲ್ಲ ಕಿವಿ ಮುಚ್ಚಿಕೊಂಡಿತು, ಮಗು ಗಾಬರಿಯಾಗಿ ಮಾತು ಮರೆಯಿತು. ನನಗೆ ಇಂದಿಗೂ ಅದು ನೋವು.

ಆದದ್ದಿಷ್ಟೇ: ಸ್ಪೀಕರಿನ ಸದ್ದು ಮತ್ತೆ ಅದೇ ಮೈಕಿಗೆ ಹೊಕ್ಕು, ಸುತ್ತಿ ಸುತ್ತಿ ಬೆಳೆಯಿತು. ಫೇಡರ್ ಏರಿಸಿದರೆ ಮಗುವಿನ ದನಿಯ ಜೊತೆ ಈ ಸುತ್ತೂ ಏರುತ್ತದೆ. ಮೈಕನ್ನು ಬಾಯಿಗೆ ತಂದರೆ ದನಿ ಮಾತ್ರ ಏರುತ್ತದೆ. ದೂರ ಅರ್ಧಕ್ಕೆ ಇಳಿದಾಗಲೆಲ್ಲ ಸುಮಾರು 6 ಡೆಸಿಬಲ್ ಲಾಭ. ಅವಳ ಮೈಕ್ ಗಲ್ಲದ ಹತ್ತಿರ, ನಾಲ್ಕು ಬೆರಳಿನಷ್ಟು ದೂರದಲ್ಲಿದ್ದರೆ ಸುಮಾರು 12 ಡೆಸಿಬಲ್ ಬಂದಿರುತ್ತಿತ್ತು. ನಾನು ಫೇಡರ್ ಮುಟ್ಟಬೇಕಾಗಿಯೇ ಇರಲಿಲ್ಲ.

ಈಗ ಕಾರ್ಡಿನಲ್ಲಿ ಹೀಗಿದೆ: ‘ಕೇಳಿಸದಿದ್ದರೆ ಮೊದಲು ಮೈಕ್ ಹತ್ತಿರ, ಆಮೇಲೆ ಫೇಡರ್. ಕೂಗಿದರೆ ಆ ಫೇಡರ್ ತಕ್ಷಣ ಕೆಳಗೆ. ಬಳಸದ ಮೈಕ್‌ಗಳೆಲ್ಲ ಮ್ಯೂಟ್.’ ತೆರೆದಿಟ್ಟ ಪ್ರತಿ ಮೈಕೂ ಸ್ಪೀಕರಿನ ಸದ್ದು ಒಳಬರಲು ಇನ್ನೊಂದು ಬಾಗಿಲು. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬಾರದೆಂದು ಮಕ್ಕಳಿಗೆ ತಾಲೀಮಿನಲ್ಲೇ ಹೇಳಿಕೊಡುತ್ತೇವೆ. ಮುಚ್ಚಿದರೆ ಮೈಕ್ ಎದುರಿನ ದನಿಯನ್ನಷ್ಟೇ ಆರಿಸಿಕೊಳ್ಳುವ ಗುಣ ಕಳೆದುಕೊಂಡು ಎಲ್ಲ ಕಡೆಯ ಸದ್ದನ್ನೂ ಎಳೆದುಕೊಳ್ಳುತ್ತದೆ.

ಕಾರ್ಡಿನ ಹಿಂಬದಿ ಪೆನ್ಸಿಲಿನದು: ಯಾವ ಮೈಕ್ ಯಾವ ಚಾನೆಲ್, ಯಾರ ಕೈಗೆ. ಪ್ರತಿ ಕಾರ್ಯಕ್ರಮಕ್ಕೂ ಅಳಿಸಿ ಹೊಸದಾಗಿ ಬರೆಯುತ್ತೇವೆ.