ಗೆದ್ದ ಚೆಂಡು ಎಲ್ಲಿಗೆ?

2010ರ ಏಪ್ರಿಲ್ 28ರ ಇರುಳು. ಬಾರ್ಸಿಲೋನಾ ನಗರದ ಕ್ಯಾಂಪ್ ನೋ ಕ್ರೀಡಾಂಗಣ ಕಿಕ್ಕಿರಿದು ತುಂಬಿತ್ತು. ಯೂರೋಪಿನ ಚಾಂಪಿಯನ್ಸ್ ಲೀಗ್ ಫುಟ್‌ಬಾಲಿನ ಸೆಮಿಫೈನಲಿನ ಎರಡನೆಯ ಪಂದ್ಯವದು. ಎಂಟು ದಿನಗಳ ಹಿಂದೆ ಮಿಲಾನಿನಲ್ಲಿ ನಡೆದ ಮೊದಲ ಪಂದ್ಯವನ್ನು ಇಟಲಿಯ ಇಂಟರ್ ತಂಡ 3-1ರಿಂದ ಗೆದ್ದಿತ್ತು. ಪರಸ್ಥಳದಲ್ಲಿ ಹೊಡೆದ ಗೋಲಿಗೆ ಅಂದು ಹೆಚ್ಚಿನ ಬೆಲೆಯಿದ್ದುದರಿಂದ, ಬಾರ್ಸಿಲೋನಾ 2-0ರಿಂದ ಗೆದ್ದರೂ ಫೈನಲಿಗೆ ನಡೆಯುತ್ತಿತ್ತು. 28ನೆಯ ನಿಮಿಷದಲ್ಲಿ ಇಂಟರಿನ ತಿಯಾಗೊ ಮೊಟ್ಟಾನಿಗೆ ರೆಫರಿ ಕೆಂಪು ಕಾರ್ಡು ತೋರಿಸಿದರು. ಉಳಿದವರು ಹತ್ತೇ ಮಂದಿ. ಮುಂದಿದ್ದುದು ಒಂದು ಗಂಟೆಗೂ ಮೀರಿದ ಆಟ.

ಇಂಟರಿನ ಶಿಕ್ಷಕ ಜೋಸೆ ಮೊರಿನ್ಯೊ ಆಗ ಆಶ್ರಯಿಸಿದ್ದು ‘ಲೋ ಬ್ಲಾಕ್’ ಎಂಬ ರಕ್ಷಣಾಕ್ರಮವನ್ನು. ಎದುರಾಳಿಯನ್ನು ಮೈದಾನದ ನಡುವೆ ತಡೆಯುವ ಆಸೆಯನ್ನೇ ಬಿಟ್ಟು, ತಮ್ಮ ಗೋಲಿನ ಮುಂದೆ ಒತ್ತಾಗಿ ನಿಲ್ಲುವ ಉಪಾಯವಿದು. ನಾಲ್ವರು ಪೆನಾಲ್ಟಿ ಆವರಣದ ಅಂಚಿನಲ್ಲಿ. ಅವರ ಮುಂದೆ ಇನ್ನೂ ನಾಲ್ವರು. ದೂರದಲ್ಲಿ ಒಂಟಿಯಾಗಿ ಡಿಯೆಗೊ ಮಿಲಿಟೊ. ಮುನ್ನುಗ್ಗಿ ಗೋಲು ಹೊಡೆಯುವುದೇ ಕಸುಬಾಗಿದ್ದ ಸಾಮ್ಯುಯೆಲ್ ಎಟೊ ಅಂದು ಬ್ಯಾಕ್ ಆಟಗಾರನಂತೆ ತನ್ನ ಪಕ್ಕವನ್ನು ಕಾಯುತ್ತ ನಿಂತನು.

ಸಾಲುಗಳ ನಡುವಿನ ನೆಲ

ಜನ ಹೆಚ್ಚಿದ್ದ ಮಾತ್ರಕ್ಕೆ ರಕ್ಷಣೆ ಭದ್ರವಾಗುವುದಿಲ್ಲ. ಅಂತರಗಳು ಕಿರಿದಾಗಿದ್ದರೆ ಮಾತ್ರ ಆಗುತ್ತದೆ. ಎರಡು ಸಾಲುಗಳ ನಡುವೆ ಸುಮಾರು ಹತ್ತು ಮೀಟರಿಗಿಂತ ಹೆಚ್ಚು ನೆಲ ಬಿಡಬಾರದು. ಬಿಟ್ಟರೆ ಮೆಸ್ಸಿಯಂಥವನು ಆ ಓಣಿಯಲ್ಲಿ ಚೆಂಡನ್ನು ಪಡೆದು, ಗೋಲಿನತ್ತ ಮುಖ ತಿರುಗಿಸುತ್ತಾನೆ. ಅವನು ತಿರುಗಿದನೆಂದರೆ ಹಿಂದಿನ ಸಾಲಿನವನು ಅವನನ್ನು ತಡೆಯಲು ಮುಂದೆ ಬರಲೇಬೇಕು. ಬಂದೊಡನೆ ಅವನ ಬೆನ್ನ ಹಿಂದೆ ಬಾಗಿಲು ತೆರೆಯುತ್ತದೆ. ರಕ್ಷಣೆ ಸಡಿಲುತ್ತಿದೆಯೇ ಎಂದು ಅರಿಯಬಯಸುವ ಪ್ರೇಕ್ಷಕನು ಚೆಂಡನ್ನು ಬಿಟ್ಟು ಈ ಓಣಿಯನ್ನು ನೋಡಬೇಕು.

ಮೈದಾನದ ಅಗಲ ಸುಮಾರು 68 ಮೀಟರು. ನಾಲ್ವರಿಂದ ಅಷ್ಟನ್ನೂ ಮುಚ್ಚಲಾಗದು. ಆದುದರಿಂದ ಚೆಂಡು ಇರುವ ಕಡೆಗೆ ಇಡೀ ಸಾಲು ಸರಿಯುತ್ತದೆ. ಆಚೆಯ ಅಂಚನ್ನು ಬೇಕೆಂದೇ ತೆರೆದು ಬಿಡುತ್ತದೆ. ಅಲ್ಲಿಗೆ ಚೆಂಡು ಹಾರಿ ಹೋಗುವಷ್ಟರಲ್ಲಿ ಸಾಲು ಮತ್ತೆ ಆಚೆಗೆ ಸರಿದುಕೊಳ್ಳಬಹುದು. ಆ ಇರುಳು ಬಾರ್ಸಿಲೋನಾ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಚೆಂಡನ್ನು ತಿರುಗಿಸುತ್ತಲೇ ಇದ್ದಿತು. 33ನೆಯ ನಿಮಿಷದಲ್ಲಿ ಮೆಸ್ಸಿಯ ಒಂದು ಹೊಡೆತ ಗೋಲಿನ ಮೂಲೆಗೆ ಹೊರಳಿದಾಗ, ಗೋಲ್‌ಕೀಪರ್ ಜೂಲಿಯೊ ಸೀಜರ್ ಬೆರಳ ತುದಿಯಿಂದ ಅದನ್ನು ಹೊರಕ್ಕೆ ತಳ್ಳಿದನು.

ಮೊದಲ ಪಾಸು

ಇಷ್ಟೆಲ್ಲ ಕಾದು ಚೆಂಡನ್ನು ಗೆದ್ದ ಮೇಲೆ ಕಷ್ಟ ಮುಗಿಯಿತೆನ್ನುವಂತಿಲ್ಲ. ಗೆದ್ದವನ ಸುತ್ತ ಎದುರಾಳಿಗಳು ಮುತ್ತಿರುತ್ತಾರೆ. ಅವನ ಮುಖ ಬಹುಮಟ್ಟಿಗೆ ತನ್ನ ಗೋಲಿನ ಕಡೆಗೇ ಇರುತ್ತದೆ. ಗುರಿಯಿಲ್ಲದೆ ಮುಂದಕ್ಕೆ ಒದ್ದರೆ ಚೆಂಡು ಕೆಲವೇ ಕ್ಷಣಗಳಲ್ಲಿ ಮರಳಿ ಬರುತ್ತದೆ. ಮುಂದೆ ನೋಡುತ್ತ ನಿಂತಿರುವ ಪಕ್ಕದ ಜೊತೆಗಾರನಿಗೆ ಚಿಕ್ಕ ಪಾಸು ಕೊಟ್ಟು, ಅವನಿಂದ ಮುಂಚೂಣಿಯವನ ಕಾಲಿಗೆ ಚೆಂಡನ್ನು ಮುಟ್ಟಿಸುವುದು ಲೇಸು. ಆದರೆ ಮುಂಚೂಣಿಯವನಿಗೆ ನೆರವಾಗಲು ಯಾರಾದರೂ ಓಡಿ ಬರಬೇಕು.

ಮಿಲಾನಿನ ಪಂದ್ಯದಲ್ಲಿ ಹಾಗೆ ಬಂದಿದ್ದರು. 48ನೆಯ ನಿಮಿಷದಲ್ಲಿ ಚೆಂಡು ಮಿಲಿಟೊನನ್ನು ಸೇರಿದಾಗ ಅವನು ತಾನೇ ಹೊಡೆಯಲಿಲ್ಲ. ರಕ್ಷಣಾ ಸಾಲಿನಿಂದ ಓಡಿ ಬಂದ ಮೈಕಾನನಿಗೆ ಅದನ್ನು ಒಪ್ಪಿಸಿದನು. ಗೋಲು ಆಯಿತು. ಬಾರ್ಸಿಲೋನಾದಲ್ಲಿ ಹತ್ತೇ ಮಂದಿಯಿದ್ದಾಗ ಯಾರು ಓಡಿ ಬಂದಾರು? ಓಡಿದವನ ಸ್ಥಾನ ಬರಿದಾಗುತ್ತದೆ. ಚೆಂಡು ಕೈತಪ್ಪಿದರೆ ಎದುರಾಳಿ ಅದೇ ಬಿರುಕಿನಿಂದ ಒಳನುಗ್ಗುತ್ತಾನೆ. ತಮಗೆ ಅಂದು ಚೆಂಡೇ ಬೇಕಿರಲಿಲ್ಲ, ಸ್ಥಾನ ಕಳೆದುಕೊಳ್ಳದಿರುವುದೇ ಬೇಕಾಗಿತ್ತು ಎಂಬುದಾಗಿ ಮೊರಿನ್ಯೊ ತರುವಾಯ ಹೇಳಿದರು.

ಈ ಆಯ್ಕೆಗೆ ಬೆಲೆ ತೆರಬೇಕಾಯಿತು. ಬಿಡುವಿಲ್ಲದೆ ಸರಿಯುವ ಕಾಲುಗಳು ದಣಿಯುತ್ತವೆ. ದಣಿದಂತೆ ಸಾಲುಗಳು ಗೋಲಿನತ್ತ ಕುಸಿಯುತ್ತವೆ. 84ನೆಯ ನಿಮಿಷದಲ್ಲಿ ಬಾರ್ಸಿಲೋನಾದ ರಕ್ಷಕ ಪಿಕೆ ಮುಂಚೂಣಿಗೆ ಬಂದು ನಿಂತಿದ್ದನು. ಚಾವಿಯ ಪಾಸು ಆವರಣದೊಳಗೆ ಅವನನ್ನು ಸೇರಿತು. ಸುಳಿಯಂತೆ ತಿರುಗಿ ಗೋಲು ಹೊಡೆದನು. ಇನ್ನೊಂದೇ ಗೋಲು ಸಾಕಾಗಿತ್ತು. ಕೊನೆಯ ಗಳಿಗೆಯಲ್ಲಿ ಬೋಯಾನ್ ಚೆಂಡನ್ನು ಬಲೆಗೆ ಸೇರಿಸಿಯೂ ಬಿಟ್ಟನು. ಆದರೆ ಅದಕ್ಕೆ ಮೊದಲು ಅವನ ಜೊತೆಗಾರ ಯಾಯಾ ಟೂರೆಯ ಕೈಗೆ ಚೆಂಡು ತಗುಲಿತೆಂದು ರೆಫರಿ ಸೀಟಿ ಊದಿದ್ದರು.

ಇಂಟರ್ 0-1ರಿಂದ ಸೋತು, ಒಟ್ಟು 3-2ರಿಂದ ಗೆದ್ದಿತು. ಮೇ 22ರಂದು ಮ್ಯಾಡ್ರಿಡ್‌ನಲ್ಲಿ ಬಯರ್ನ್ ಮ್ಯೂನಿಕ್ ತಂಡವನ್ನು 2-0ರಿಂದ ಮಣಿಸಿ ಕಪ್ಪನ್ನೂ ಪಡೆಯಿತು. ಎರಡೂ ಗೋಲುಗಳನ್ನು ಹೊಡೆದವನು ಮಿಲಿಟೊ. ಮೊದಲನೆಯದು, ಅವನು ತಲೆಯಿಂದ ಇಳಿಸಿದ ಚೆಂಡನ್ನು ಸಮೀಪದಲ್ಲಿದ್ದ ಸ್ನೈಡರ್ ಮತ್ತೆ ಅವನಿಗೇ ಒಪ್ಪಿಸಿದ್ದರಿಂದ ಬಂದದ್ದು. ಅಂದು ಅವನು ಒಂಟಿಯಾಗಿರಲಿಲ್ಲ.