ಹಗ್ಗ ಬಿಗಿಯಬಾರದ ಓಟ

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಮಹಿಳಾ ಮ್ಯಾರಥಾನ್‌ನಲ್ಲಿ ಸ್ಪೇನಿನ ಎಲೆನಾ ಕಾಂಗೊಸ್ತ್ ಮೂರನೇ ಸ್ಥಾನದಲ್ಲಿದ್ದರು. ಗೆರೆಗೆ ಕೆಲವೇ ಹೆಜ್ಜೆ ಬಾಕಿ ಇರುವಾಗ ಅವರ ಗೈಡ್ ಸ್ನಾಯು ಸೆಳೆತದಿಂದ ಮುಗ್ಗರಿಸಿದರು. ಅವರನ್ನು ಹಿಡಿಯಲು ಎಲೆನಾ ಇಬ್ಬರನ್ನೂ ಜೋಡಿಸಿದ್ದ ಹಗ್ಗವನ್ನು ಕ್ಷಣಕಾಲ ಬಿಟ್ಟರು. ಅದಕ್ಕಾಗಿ ಅವರನ್ನು ಅನರ್ಹಗೊಳಿಸಲಾಯಿತು, ಪದಕ ಕೈತಪ್ಪಿತು. ಹಗ್ಗ ಬಿಟ್ಟಿದ್ದರಿಂದ ಅವರಿಗೆ ಯಾವ ಲಾಭವೂ ಆಗಿರಲಿಲ್ಲ, ಹಾಗಾಗಿ ಆ ತೀರ್ಪು ನನಗೆ ಇಂದಿಗೂ ಕಠೋರವೆನಿಸುತ್ತದೆ. ಆದರೆ ದೃಷ್ಟಿದೋಷವುಳ್ಳವರ ಓಟದಲ್ಲಿ ಆ ತುಂಡು ಹಗ್ಗ ಎಷ್ಟು ಮುಖ್ಯ ಎಂಬುದು ಅಲ್ಲಿ ಎಲ್ಲರಿಗೂ ಕಂಡಿತು.

ಈ ಓಟಗಾರರಿಗೆ ಮೂರು ವರ್ಗಗಳಿವೆ. ಕಾಣದವರು, ಬೆಳಕಷ್ಟೇ ಗ್ರಹಿಸುವವರು ಟಿ11. ಅವರಿಗೆ ಗೈಡ್ ಕಡ್ಡಾಯ. ಎಲ್ಲರೂ ಸಮನಾಗಲೆಂದು ಕಣ್ಣಿಗೆ ಕಪ್ಪು ಪಟ್ಟಿಯೂ ಕಡ್ಡಾಯ. ಟಿ12ರಲ್ಲಿ ಗೈಡ್ ಬೇಕೇ ಬೇಡವೇ ಎಂಬುದು ಓಟಗಾರರ ಆಯ್ಕೆ. ಟಿ13ರವರು ಒಬ್ಬರೇ ಓಡುತ್ತಾರೆ. ಅಂಗವಿಕಲರ ಗುರುತಿನ ಚೀಟಿಯಲ್ಲಿರುವ ಶೇಕಡಾವಾರು ಅಂಕಿ ಈ ವರ್ಗವನ್ನು ನಿರ್ಧರಿಸುವುದಿಲ್ಲ. ದೃಷ್ಟಿಯ ಸ್ಪಷ್ಟತೆ ಮತ್ತು ನೋಟದ ವ್ಯಾಪ್ತಿಯನ್ನು ಪ್ರತ್ಯೇಕವಾಗಿ ಅಳೆಯುತ್ತಾರೆ. ಹಾಗಾಗಿ ಕ್ರೀಡಾಕೂಟಕ್ಕೆ ಹೆಸರು ಕೊಡುವ ಮೊದಲೇ ಕಣ್ಣಿನ ವೈದ್ಯರ ವರದಿ ಸಿದ್ಧವಿರಲಿ.

ಚಿಕ್ಕಮಗಳೂರಿನ ರಕ್ಷಿತಾ ರಾಜು ಟಿ11 ಓಟಗಾರ್ತಿ. ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್‌ನಲ್ಲಿ ಅವರು ಚಿನ್ನ ಗೆದ್ದರು. ಆ ವರ್ಗದಲ್ಲಿ ಜೊತೆಗೆ ಓಡುವವರಿಲ್ಲದಿದ್ದರೆ ತರಬೇತಿಯೇ ಇಲ್ಲ. ನಮ್ಮ ಊರುಗಳಲ್ಲಿ ಕೊರತೆ ಇರುವುದು ಇಲ್ಲೇ. ಮೈದಾನವಿದೆ, ಕೋಚ್ ಇದ್ದಾರೆ, ಗೈಡ್ ಇಲ್ಲ.

ಈ ಕೊರತೆಯನ್ನು ಬೆಳಗ್ಗೆ ಓಡುವ ಯಾವ ಕ್ಲಬ್ಬಾದರೂ ತುಂಬಬಲ್ಲದು. ಗೈಡ್ ಆಗುವವರು ಓಟಗಾರರಿಗಿಂತ ಸ್ಪಷ್ಟವಾಗಿ ವೇಗವಾಗಿರಬೇಕು. 1500 ಮೀಟರ್ ಅನ್ನು ಐದೂವರೆ ನಿಮಿಷದಲ್ಲಿ ಓಡುವವರ ಜೊತೆಗೆ, ಐದು ನಿಮಿಷದೊಳಗೆ ಓಡಬಲ್ಲವರು ಬೇಕು. ಯಾಕೆಂದರೆ ಅವರು ಓಡುತ್ತಲೇ ಮಾತಾಡಬೇಕು. ಒಬ್ಬರನ್ನೇ ನೆಚ್ಚಿದರೆ ಅವರು ಬರದ ದಿನ ಅಭ್ಯಾಸ ನಿಲ್ಲುತ್ತದೆ, ಮೂವರಾದರೂ ಸರದಿಯಲ್ಲಿರಲಿ.

ಮೊದಲ ದಿನ ಓಟ ಬೇಡ. ಹಿಗ್ಗದ, ಒಂದಡಿಗಿಂತ ಉದ್ದವಿಲ್ಲದ ಹಗ್ಗ ಹಿಡಿದು ಇಬ್ಬರೂ ಟ್ರ್ಯಾಕ್ ಸುತ್ತ ನಡೆಯಲಿ. ಗೈಡ್ ತಾನೂ ಕಣ್ಣು ಕಟ್ಟಿಕೊಂಡು ಒಂದು ಸುತ್ತು ಹಾಕಲಿ. ‘ಸ್ವಲ್ಪ ಎಡಕ್ಕೆ’ ಎಂಬ ಮಾತು ಎಷ್ಟು ಅಸ್ಪಷ್ಟವೆಂದು ಆಗ ತಿಳಿಯುತ್ತದೆ. ಹಗ್ಗ ಹಿಡಿದ ಎರಡು ಕೈಗಳೂ ಒಟ್ಟಿಗೆ ಬೀಸಬೇಕು. ಹಾಗಾದಾಗ ಒಬ್ಬರ ಎಡಗಾಲಿನ ಜೊತೆ ಇನ್ನೊಬ್ಬರ ಬಲಗಾಲು ಮುಂದೆ ಬರುತ್ತದೆ. ಈ ಹೊಂದಿಕೆ ಕೂಡಲು ವಾರಗಳೇ ಬೇಕು.

ತಪ್ಪು ಕಾಣುವುದೂ ಹಗ್ಗದಲ್ಲೇ. ಪಕ್ಕದಿಂದ ವಿಡಿಯೋ ಮಾಡಿ ನೋಡಿ: ಹಗ್ಗ ಮುಂದಕ್ಕೆ ಬಿಗಿದಿದ್ದರೆ, ಓಟಗಾರರ ಭುಜ ತಿರುಚಿದ್ದರೆ, ಗೈಡ್ ಎಳೆಯುತ್ತಿದ್ದಾರೆ. ಸ್ಪರ್ಧೆಯಲ್ಲಿ ಎಳೆದರೆ ಅನರ್ಹತೆ. ಗೆರೆಯನ್ನು ಓಟಗಾರರು ಮೊದಲು ದಾಟಬೇಕು, ಗೈಡ್ ಆಮೇಲೆ. ಕೊನೆಯ 20 ಮೀಟರ್‌ನಲ್ಲಿ ಒಂದಿಷ್ಟು ಹಿಂದೆ ಸರಿಯುವುದನ್ನು ವೇಗದ ಗೈಡ್‌ಗಳೇ ಹೆಚ್ಚು ಅಭ್ಯಾಸ ಮಾಡಬೇಕಾಗುತ್ತದೆ.